ವಾರದಲ್ಲಿ ಎರಡು ದಿನ

ಅವಳು ಆ ಮಾತು ಹೇಳಿದ್ದು ನಮ್ಮ ಮನೆಯ ಚಾವಡಿಯಲ್ಲಿ, ಸುಲಿದ ಅಡಿಕೆಯನ್ನು ಜಾತಿ ಮಾಡುತ್ತಾ ಕೂತಿದ್ದಾಗ. ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಬೇರೆ. ಅಮ್ಮ ಒಮ್ಮೆ ತೋರಿಸಿಕೊಟ್ಟದ್ದೇ ಸಾಕಾಗಿತ್ತು. ಅವಳ ಕೈಗೆ ಕೆಲಸ ಬೇಗ ಹತ್ತುತ್ತಿತ್ತು. ತಲೆ ಎತ್ತದೆಯೇ ಹೇಳಿದಳು: "ನೋಡು, ನನಗೆ ಈಗ ಯಾವ ಸಂಬಂಧವೂ ಬೇಡ. ನಾನು ಅದಕ್ಕೆ ತಯಾರಿಲ್ಲ. ಮೊದಲೇ ಹೇಳಿದ್ದೇನೆ, ಆಯ್ತಾ?"

ನಾನು "ಆಯ್ತು" ಎಂದೆ. ಮುಂದಿನ ಶನಿವಾರ ಅವಳು ಮತ್ತೆ ಬಂದಳು. ಅದರ ಮುಂದಿನ ಶನಿವಾರವೂ ಬಂದಳು. 2018ರ ದೀಪಾವಳಿ ಕಳೆದ ಮೇಲೆ ಶುರುವಾದ ಈ ಬರುವಿಕೆ ಒಂದೂವರೆ ವರ್ಷದ ಹತ್ತಿರ ನಡೆಯಿತು. ಆ ಅವಧಿಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅನಿಸಿತ್ತು. ಅವಳ ಹೆಸರು ಬರೆಯುವುದಿಲ್ಲ. ಊರಿನ ಹೆಸರು ಬರೆಯಬಹುದು, ಅದು ಆಲಂಕಾರು. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ರಾಮಕುಂಜ ದಾಟಿದ ಮೇಲೆ ಸಿಗುವ ಪೇಟೆ. ಪೇಟೆಯಿಂದ ಒಳಗೆ, ಕುಮಾರಧಾರೆಯ ಬದಿಗೆ ಇಳಿದರೆ ನಮ್ಮ ತೋಟ.

ನಾವು ಪಿಯುಸಿಗೆ ಪುತ್ತೂರಿನಲ್ಲಿ ಒಟ್ಟಿಗೆ ಇದ್ದವರು. ಆಮೇಲೆ ಅವಳು ಇಂಜಿನಿಯರಿಂಗ್, ಕೆಲಸ, ಮದುವೆ ಎಂದು ಹೋದಳು. ನಾನು ಬಿ.ಎ. ಮುಗಿಸುವ ಹೊತ್ತಿಗೆ ಅಪ್ಪ ಹೋದರು, ತೋಟಕ್ಕೆ ಬಂದೆ. ತೋಟ ನೋಡಿಕೊಂಡು ಮನೆಯಲ್ಲಿರುವ ಗಂಡಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎನ್ನುವುದು ಪುತ್ತೂರು, ಸುಳ್ಯದಿಂದ ಹಿಡಿದು ಶಿರಸಿ, ಸಿದ್ದಾಪುರದವರೆಗೆ ಎಲ್ಲರಿಗೂ ಗೊತ್ತಿರುವ ವಿಷಯ. ಹಿಂದೆ ಅಡಿಕೆ ತೋಟ ಇದೆ ಎಂದರೆ ಜಾತಕ ತಾನಾಗಿ ಬರುತ್ತಿತ್ತಂತೆ. ನನ್ನ ಕಾಲಕ್ಕೆ ಹೆಣ್ಣಿನ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಹುಡುಗ ಬೆಂಗಳೂರಿನಲ್ಲಿ ಎಲ್ಲಿರುವುದು?" ಉತ್ತರ ಭಾರತದಿಂದ ಹೆಣ್ಣು ತಂದವರೂ ನಮ್ಮ ಕಡೆ ಇದ್ದಾರೆ. ಅವಳು ಬರತೊಡಗಿದಾಗ ಊರು ಅಷ್ಟೊಂದು ಮುಖ ಸಿಂಡರಿಸದಿದ್ದುದಕ್ಕೆ ಇದೂ ಒಂದು ಕಾರಣ. ಮೂವತ್ತು ದಾಟಿದ ಮಾಣಿಗೆ ಹೇಗಾದರೂ ಒಂದು ದಾರಿಯಾಗಲಿ ಎಂದು ಜನ ಸುಮ್ಮನಿದ್ದರು. ಪೇಟೆಯ ಅಂಗಡಿಯಲ್ಲಿ "ನೆಂಟರು ಬಂದಿದ್ದಾರಾ?" ಎಂದು ಕೇಳುವುದಕ್ಕಿಂತ ಹೆಚ್ಚೇನೂ ಕೇಳುತ್ತಿರಲಿಲ್ಲ.

ಅವಳ ಮದುವೆ ಎರಡು ವರ್ಷವೂ ಬಾಳಲಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನವೆಂದರೆ ಸುಲಭದ್ದು ಎಂದು ಹೊರಗಿನವರಿಗೆ ತೋರುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ ಅರ್ಜಿ ಹಾಕುವ ಮೊದಲು ಗಂಡ ಹೆಂಡತಿ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ; ಅವಳಿಗೆ ಅದು ಸಿಗಲಿಲ್ಲ, ಪೂರ್ತಿ ಕಾದಳು. ಆ ಕಾಯುವ ಕಾಲದಲ್ಲಿ ತವರಿನಲ್ಲಿ ದಿನವೂ ಒಬ್ಬರಲ್ಲ ಒಬ್ಬರು ಬಂದು ಕೂತು, ಎಂತಾಯಿತು, ಯಾಕಾಯಿತು, ಹೊಂದಿಕೊಂಡು ಹೋಗಬಹುದಿತ್ತಲ್ಲ ಎಂದು ಕೇಳಿದ್ದರಂತೆ. ಅದಕ್ಕೇ ಅವಳು ಮಂಗಳೂರಿನಲ್ಲಿ ಕೆಲಸ ಹುಡುಕಿಕೊಂಡು ಪಿಜಿ ಸೇರಿದಳು. ಕೋರ್ಟಿನ ಆದೇಶ ಕೈಗೆ ಬಂದು ಕೆಲವೇ ತಿಂಗಳಾಗಿದ್ದಾಗ ನನಗೆ ಫೋನ್ ಮಾಡಿದ್ದಳು. "ನಿಮ್ಮಲ್ಲಿಗೆ ಬರಬಹುದಾ? ಸುಮ್ಮನೆ ಒಮ್ಮೆ ತೋಟ ನೋಡಬೇಕು." ಬಂದವಳು ಅಮ್ಮ ಮಾಡಿದ ನೀರುದೋಸೆ ತಿಂದು, ಉಪ್ಪರಿಗೆಯ ಕೋಣೆಯಲ್ಲಿ ಹತ್ತು ಗಂಟೆ ನಿದ್ದೆ ಮಾಡಿದಳು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ತಯಾರಿಲ್ಲ ಎಂದು ಅವಳು ಹೇಳಿದ್ದು ನನ್ನನ್ನು ದೂರ ಇಡುವ ನೆಪವಲ್ಲ. ಅದರಲ್ಲಿ ನನಗೆ ಯಾವತ್ತೂ ಸಂಶಯ ಬಂದದ್ದಿಲ್ಲ. ಹಾಗೆಯೇ ಪ್ರತಿ ಶನಿವಾರ ಮಧ್ಯಾಹ್ನ ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದುದೂ ಬೇಸರ ಕಳೆಯಲಿಕ್ಕಲ್ಲ. ಎರಡೂ ನಿಜ. ಇಂಥ ಸಂಬಂಧದಲ್ಲಿ ಸಿಕ್ಕಿಕೊಂಡವರಿಗೆ ಸ್ನೇಹಿತರು ಸಾಮಾನ್ಯವಾಗಿ ಹೇಳುವುದು ಎರಡರಲ್ಲಿ ಒಂದು: ಅವಳ ಮಾತನ್ನು ನಂಬು, ಇಲ್ಲವೇ ಅವಳ ನಡತೆಯನ್ನು ನಂಬು. ನನಗೂ ಹೇಳಿದರು. ಎರಡನ್ನೂ ನಂಬಿದ ಮೇಲೆ ಏನು ಮಾಡುವುದು ಎನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಆ ವಾರಾಂತ್ಯಗಳು ಹೇಗಿದ್ದವೆಂದು ಸ್ವಲ್ಪ ಹೇಳಬೇಕು. ಶನಿವಾರ ಸಂಜೆ ಶಾಂತಿಮೊಗರು ಸೇತುವೆಯ ಮೇಲೆ ಹೋಗಿ ನಿಲ್ಲುತ್ತಿದ್ದೆವು. ಬೇಸಿಗೆಯಲ್ಲಿ ಕೆಳಗೆ ಬಂಡೆ ಕಾಣುವಷ್ಟು ತಿಳಿನೀರು, ಮಳೆಗಾಲದಲ್ಲಿ ಕೆಂಪು ನೀರು ದಡ ಮುಟ್ಟಿಕೊಂಡು ಹೋಗುವುದು. ಕೆಲವು ಭಾನುವಾರ ಬೆಳಿಗ್ಗೆ ಶರವೂರು ದೇವಸ್ಥಾನಕ್ಕೆ ಅಮ್ಮನನ್ನೂ ಕರಕೊಂಡು ಹೋಗುತ್ತಿದ್ದೆವು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಅಡಿಕೆಗೆ ಮದ್ದು ಬಿಡುವ ಒಂದು ಭಾನುವಾರ ಅವಳೂ ತೋಟಕ್ಕೆ ಇಳಿದಳು. ಕೊಳೆರೋಗಕ್ಕೆ ನಾವು ಬಿಡುವುದು ಬೋರ್ಡೋ ದ್ರಾವಣ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸಪೂರ ಧಾರೆಯಾಗಿ ಹೊಯ್ಯಬೇಕು, ಇನ್ನೊಬ್ಬರು ಕೋಲಿನಲ್ಲಿ ತಿರುಗಿಸುತ್ತಲೇ ಇರಬೇಕು. ಅವಳು ಹೊಯ್ದಳು, ನಾನು ತಿರುಗಿಸಿದೆ. ಸರಿಯಾಯಿತೋ ಎಂದು ನೋಡಲು ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಕಡಿಮೆ ಎಂದು ಅರ್ಥ, ಹಾಗೇ ಬಿಟ್ಟರೆ ಹಿಂಗಾರವೂ ಎಳೆ ಕಾಯಿಯೂ ಸುಟ್ಟುಹೋಗುತ್ತದೆ. ಮೊದಲ ಸಲ ಕೆಂಪು ಹಿಡಿಯಿತು. ಅವಳೇ ಓಡಿ ಹೋಗಿ ಇನ್ನೊಂದಿಷ್ಟು ಸುಣ್ಣದ ತಿಳಿ ತಂದು ಹಾಕಿ, ಮತ್ತೆ ಕತ್ತಿ ಅದ್ದಿ, ಅಲಗನ್ನು ಬಿಸಿಲಿಗೆ ಹಿಡಿದು ನೋಡಿದಳು. "ಇಲ್ಲ, ಈಗ ಸರಿ ಉಂಟು." ಸಂಜೆ ಬೆರಳ ಸಂದಿಯಲ್ಲೆಲ್ಲ ನೀಲಿ ಹಿಡಿದಿತ್ತು. ಅಮ್ಮ ತೆಂಗಿನೆಣ್ಣೆ ತಂದು ಅವಳ ಕೈಗೆ ಹಚ್ಚಿದರು.

ನಮ್ಮ ನಡುವೆ ಬರೀ ಸ್ನೇಹ ಇತ್ತು ಎಂದರೆ ಸುಳ್ಳಾಗುತ್ತದೆ. ಅಷ್ಟು ಹೇಳಿದರೆ ಸಾಕು. ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಪೇಟೆಯವರೆಗೆ ಬೈಕಿನಲ್ಲಿ ಬಿಟ್ಟು ಬರುವಾಗ ನನ್ನ ಹೆಗಲ ಮೇಲೆ ಅವಳು ಗಲ್ಲ ಊರಿ ಕೂತಿರುತ್ತಿದ್ದಳು; ಮಾರ್ಗ ಸಿಗುವ ಮೊದಲಿನ ತಿರುವಿನಲ್ಲಿ ನೆಟ್ಟಗೆ ಕೂರುತ್ತಿದ್ದಳು.

ಸೋಮವಾರದಿಂದ ಶುಕ್ರವಾರದವರೆಗೆ ಏನಿತ್ತು? ಹೆಚ್ಚೇನೂ ಇರಲಿಲ್ಲ. ರಾತ್ರಿ ಒಂದು ಮೆಸೇಜು, ಕೆಲವೊಮ್ಮೆ ಅದೂ ಇಲ್ಲ. ಬುಧವಾರ ಗಾಳಿಗೆ ಮರ ಬಿದ್ದರೆ ಅದನ್ನು ನಾನು ಹೇಳುವುದು ಶನಿವಾರ. ಅವಳ ಆಫೀಸಿನಲ್ಲಿ ಏನಾದರೂ ಆದರೆ ನನಗೆ ತಿಳಿಯುವುದೂ ಶನಿವಾರವೇ. ಅಷ್ಟರಲ್ಲಿ ಅದರ ಬಿಸಿ ಆರಿರುತ್ತಿತ್ತು. ಗುರುವಾರ ಸಂಜೆಯಿಂದ ನಾನು ಕಾಯಲಿಕ್ಕೆ ಶುರು. ಬರುತ್ತೇನೆ ಎಂದು ಅವಳು ಹೇಳುವುದು ಶುಕ್ರವಾರ ರಾತ್ರಿ. ಬರುತ್ತೀಯಾ ಎಂದು ನಾನು ಕೇಳಬಾರದು ಎನ್ನುವುದು, ಯಾರೂ ಬಾಯಿಬಿಟ್ಟು ಹೇಳದ ಒಂದು ನಿಯಮ. ಶನಿವಾರದ ಮದುವೆ ಮನೆಗಳನ್ನು ನಾನು ಬಿಟ್ಟೆ. ಪುತ್ತೂರಿನ ಕ್ಯಾಂಪ್ಕೋಗೆ ಅಡಿಕೆ ಕೊಡಲು ಹೋಗುವುದನ್ನು ವಾರದ ನಡುವೆ ಇಟ್ಟುಕೊಂಡೆ.

ಬಿ.ಎ.ಯಲ್ಲಿ ಸಮಾಜಶಾಸ್ತ್ರದ ಲೆಕ್ಚರರು ಹೇಳಿದ್ದೊಂದು ಆ ದಿನಗಳಲ್ಲಿ ನೆನಪಾಗುತ್ತಿತ್ತು. ವಿಲ್ಲಾರ್ಡ್ ವಾಲರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಕುಟುಂಬದ ಬಗ್ಗೆ 1938ರಲ್ಲಿ ಒಂದು ಪುಸ್ತಕ ಬರೆದ. ಇಬ್ಬರ ಸಂಬಂಧದಲ್ಲಿ ಯಾರಿಗೆ ಅದು ಮುಂದುವರಿಯುವುದರಲ್ಲಿ ಆಸಕ್ತಿ ಕಡಿಮೆಯೋ, ಅದರ ಲಗಾಮು ಅವರ ಕೈಯಲ್ಲಿರುತ್ತದೆ ಎಂಬುದು ಅವನು ಕಂಡುಕೊಂಡ ವಿಷಯ. ಬಿಟ್ಟುಹೋಗಲು ಸಿದ್ಧವಿರುವವರು ಏನನ್ನೂ ಕೇಳಬೇಕಾಗಿಲ್ಲ. ಉಳಿಯಬೇಕೆನ್ನುವವರು ತಾವಾಗಿಯೇ ಬಾಗುತ್ತಾರೆ. ನನ್ನ ಗುರುವಾರಗಳಿಗೆ ಇದು ಸರಿಯಾಗಿ ಹೊಂದುತ್ತಿತ್ತು. ಆದರೆ ವಾಲರ್ ಹೇಳಿದ್ದರಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗದ್ದು ಒಂದುಂಟು. ಅವಳಿಗೆ ಆಸಕ್ತಿ ಕಡಿಮೆ ಇರಲಿಲ್ಲ, ಹೆದರಿಕೆ ಹೆಚ್ಚಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆಸಕ್ತಿ ಇಲ್ಲದವರ ಕೈಯಲ್ಲಿದ್ದರೂ ಹೆದರಿದವರ ಕೈಯಲ್ಲಿದ್ದರೂ ಲಗಾಮು ಒಂದೇ ರೀತಿ ಎಳೆಯುತ್ತದೆ. ಆದರೆ ಆಸಕ್ತಿ ಇಲ್ಲದವರ ಎದುರು ಕಾಯುವುದರಲ್ಲಿ ಅರ್ಥವಿಲ್ಲ, ಹೆದರಿದವರ ಎದುರು ಸ್ವಲ್ಪ ಕಾಲ ಕಾಯಬಹುದು. ಎಷ್ಟು ಕಾಲ ಎನ್ನುವುದೇ ಕಷ್ಟ.

2019ರ ಜುಲೈಯಲ್ಲಿ ಅಮ್ಮನಿಗೆ ಜ್ವರ ಬಂತು. ಜಿಲ್ಲೆಯಲ್ಲಿ ಡೆಂಗೆ ಹಬ್ಬಿದ್ದ ಮಳೆಗಾಲ ಅದು. ತೋಟದಲ್ಲಿ ಬಿದ್ದ ಹಾಳೆಯಲ್ಲೆಲ್ಲ ನೀರು ನಿಂತು ಸೊಳ್ಳೆ ಮರಿ ಮಾಡುವುದು ಗೊತ್ತಿದ್ದರೂ, ಬಿಡದೆ ಸುರಿಯುವ ಮಳೆಯಲ್ಲಿ ಎಲ್ಲ ಹಾಳೆ ಮಗುಚಿ ಹಾಕಲು ಯಾರಿಂದ ಆಗುತ್ತದೆ? ಮೂರು ನಾಲ್ಕು ದಿನಕ್ಕೆ ಜ್ವರ ಇಳಿದಾಗ ಗುಣವಾಯಿತು ಎಂದುಕೊಂಡೆ. ಡೆಂಗೆಯಲ್ಲಿ ಹೆದರಬೇಕಾದ್ದು ಆಗಲೇ. ಹೊಟ್ಟೆನೋವು, ಎದ್ದು ನಿಲ್ಲಲಾಗದ ಸುಸ್ತು, ಒಸಡಿನಲ್ಲಿ ರಕ್ತ. ಪ್ಲೇಟ್‌ಲೆಟ್ ಇಳಿದಿತ್ತು. ಪುತ್ತೂರಿನ ಆಸ್ಪತ್ರೆಗೆ ಸೇರಿಸಿದ್ದು ಮಂಗಳವಾರ. ಅವಳಿಗೆ ಆವತ್ತೇ ತಿಳಿಸಿದೆ. "ಅಯ್ಯೋ ದೇವರೇ, ಜಾಗ್ರತೆ. ಏನಾದರೂ ಬೇಕಿದ್ದರೆ ಹೇಳು" ಎಂದಳು. ದಿನಕ್ಕೆರಡು ಸಲ ಮೆಸೇಜು ಮಾಡಿ ಕೌಂಟ್ ಎಷ್ಟು ಎಂದು ಕೇಳುತ್ತಿದ್ದಳು. ಮಂಗಳೂರಿನಿಂದ ಪುತ್ತೂರು ದೂರದ ಊರಲ್ಲ, ಎರಡು ಗಂಟೆಯೊಳಗಿನ ದಾರಿ. ಬಂದದ್ದು ಶನಿವಾರ.

ಬಂದವಳು ರಾತ್ರಿ ನನ್ನನ್ನು ಬಲವಂತವಾಗಿ ಮಲಗಿಸಿ ತಾನು ಕೂತಳು. ಅಮ್ಮನಿಗೆ ಗಂಜಿ ತಿಳಿ ಕುಡಿಸಿದಳು, ಶೌಚಾಲಯಕ್ಕೆ ಹಿಡಿದುಕೊಂಡು ಹೋದಳು, ಹಾಸಿಗೆ ಬದಲಿಸಿದಳು. ಬೆಳಗಿನ ಜಾವ ಡ್ಯೂಟಿಗೆ ಬಂದ ನರ್ಸ್ ಡ್ರಿಪ್ ಸರಿಮಾಡುತ್ತಾ ಕೇಳಿದರು: "ನೀವು ಸೊಸೆಯಾ?"

"ಅಲ್ಲ, ಗುರ್ತದವರು" ಎಂದಳು.

ನಾನು ಬೆಂಚಿನ ಮೇಲೆ ಎಚ್ಚರವಾಗಿಯೇ ಇದ್ದೆ. ಅವಳು ಬೇರೆ ಏನು ಹೇಳಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸೊಸೆ ಅಲ್ಲ ಎನ್ನುವುದು ಸತ್ಯ. ಆದರೆ ರಾತ್ರಿಯಿಡೀ ಒಬ್ಬರ ಮೈ ಒರೆಸಿ ಕೂತವಳು ಬೆಳಗ್ಗೆ ತಾನು ಗುರ್ತದವಳು ಎಂದಾಗ, ಅವಳು ನಮ್ಮ ಮನೆಯೊಳಗೆ ಇದ್ದೂ ಹೊಸ್ತಿಲಾಚೆ ನಿಂತಿದ್ದಾಳೆ ಎಂದು ನನಗೆ ಮೊದಲ ಬಾರಿಗೆ ಸ್ಪಷ್ಟವಾಯಿತು. ಅಮ್ಮನೂ ಕೇಳಿಸಿಕೊಂಡಿದ್ದರು. ಮನೆಗೆ ಬಂದ ಮೇಲೆ ಒಂದು ದಿನ ಹೇಳಿದರು: "ಮಾಣಿ, ಆ ಕೂಸು ಒಳ್ಳೆಯದು. ಆದರೆ ಅದಕ್ಕೆ ಕೆಲಸ ಮಾಡುವುದು ಸುಲಭ, ಹೆಸರು ಹಿಡಿಯುವುದು ಕಷ್ಟ."

ಅದೇ ವರ್ಷ ಚೌತಿಯ ಹೊತ್ತಿಗೆ ಇನ್ನೊಂದು ನಡೆಯಿತು. ಆಸ್ಪತ್ರೆಯ ಮಾತಿಗಿಂತಲೂ ನನಗೆ ದೊಡ್ಡದಾಗಿ ಕಂಡದ್ದು ಅದು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಚಾವಡಿಯಲ್ಲಿದ್ದಾಗ ಅವಳ ತವರಿನಿಂದ ಫೋನ್ ಬಂತು. ಅವಳ ಅಮ್ಮ. "ಪಿಜಿಯಲ್ಲೇ ಇದ್ದೇನೆ. ಬಟ್ಟೆ ತೊಳೆಯಲಿಕ್ಕಿತ್ತು. ಹ್ಞಾಂ, ಊಟ ಆಯಿತು, ಮೆಸ್ಸಿನಲ್ಲಿ" ಎಂದಳು. ಪಕ್ಕದಲ್ಲಿ ನಮ್ಮಮ್ಮ ಬಡಿಸಿದ ಪಾಯಸದ ಬಟ್ಟಲು ಇನ್ನೂ ಹಾಗೇ ಇತ್ತು. ಸುಳ್ಯದ ಆ ಕಡೆಯ ಒಂದು ಮನೆಯಲ್ಲಿ, ನಾನು ಎಂಬವನು ಇದ್ದೇನೆಂದು ಯಾರಿಗೂ ತಿಳಿದಿರಲಿಲ್ಲ. ಅಷ್ಟು ತಿಂಗಳ ಶನಿವಾರ, ಭಾನುವಾರಗಳು ಅವರ ಪಾಲಿಗೆ ಮಂಗಳೂರಿನ ಒಂದು ಪಿಜಿಯ ಕೋಣೆಯಲ್ಲಿ ಕಳೆದಿದ್ದವು.

ನಮ್ಮ ಭಾವ ಒಬ್ಬರು ಪುತ್ತೂರಿನಲ್ಲಿ ವಕೀಲರು. ಅವರಿಗೆ ಹೇಗೋ ವಿಷಯ ಗೊತ್ತಿತ್ತು. ಒಂದು ದಿನ ಕೋರ್ಟು ರಸ್ತೆಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ, ನಾನು ಕೇಳದಿದ್ದರೂ, ಡಿ. ವೇಲುಸಾಮಿ ಪ್ರಕರಣದ ಬಗ್ಗೆ ಹೇಳಿದರು. 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಬರೆದವರು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ, ಮದುವೆಯಾಗದಿದ್ದರೂ ಮದುವೆಯ ಸ್ವರೂಪದ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಉಂಟು. ಹಾಗಾದರೆ ಆ ಸ್ವರೂಪವೆಂದರೆ ಏನು? ಇಬ್ಬರೂ ಸಮಾಜದ ಎದುರು ಗಂಡ ಹೆಂಡತಿಯ ಹಾಗೆ ತಮ್ಮನ್ನು ತೋರಿಸಿಕೊಂಡಿರಬೇಕು. ಮದುವೆಯ ವಯಸ್ಸಾಗಿರಬೇಕು. ಮದುವೆಯಾಗಲು ಬೇರೆ ಕಾನೂನಿನ ಅಡ್ಡಿ ಇರಬಾರದು. ಸ್ವಇಚ್ಛೆಯಿಂದ ಸಾಕಷ್ಟು ಕಾಲ ಒಂದೇ ಮನೆಯಲ್ಲಿ ಒಟ್ಟಿಗೆ ಬಾಳಿರಬೇಕು. ವಾರಾಂತ್ಯಗಳನ್ನು ಒಟ್ಟಿಗೆ ಕಳೆದ ಮಾತ್ರಕ್ಕೆ ಅದು ಕೌಟುಂಬಿಕ ಸಂಬಂಧವಾಗುವುದಿಲ್ಲ ಎಂದು ಆ ತೀರ್ಪಿನಲ್ಲಿ ಬಿಡಿಸಿಯೇ ಹೇಳಿದೆ.

"ಕಾನೂನಿಗೆ ನಿಮ್ಮ ಶನಿವಾರ ಕಾಣುವುದಿಲ್ಲ ಭಾವಾ" ಎಂದರು ಅವರು. "ನಿನಗೂ ಅವಳ ಮೇಲೆ ಹಕ್ಕಿಲ್ಲ, ಅವಳಿಗೂ ನಿನ್ನ ಮೇಲೆ ಹಕ್ಕಿಲ್ಲ. ನಾಳೆ ಯಾರಿಗೆ ಏನಾದರೂ ಕೇಳಲಿಕ್ಕೆ ಜಾಗ ಇಲ್ಲ."

ಹಕ್ಕು ನನಗೆ ಬೇಕಾಗಿರಲಿಲ್ಲ. ಆ ತೀರ್ಪು ಇರುವುದು ಜೀವನಾಂಶದ ಪ್ರಶ್ನೆಗೆ, ಬಿಟ್ಟುಹೋದ ಗಂಡಸಿನಿಂದ ಹೆಣ್ಣಿಗೆ ಪರಿಹಾರ ಸಿಗಬೇಕೋ ಬೇಡವೋ ಎನ್ನುವುದಕ್ಕೆ. ಪ್ರೀತಿ ಇದೆಯೋ ಇಲ್ಲವೋ ಎಂದು ಅಳೆಯಲಿಕ್ಕಲ್ಲ. ಆದರೂ ಬಸ್ಸಿನಲ್ಲಿ ಊರಿಗೆ ಬರುವಾಗ ಅದರ ಮೊದಲ ಷರತ್ತೇ ತಲೆಯಲ್ಲಿ ಕೂತಿತ್ತು. ಸಮಾಜದ ಎದುರು ತೋರಿಸಿಕೊಳ್ಳುವುದು. ನಮ್ಮಲ್ಲಿ ಇಲ್ಲದ್ದು ಅದೊಂದೇ. ಸಮಯ ಇತ್ತು, ಮಮತೆ ಇತ್ತು, ದುಡಿಮೆ ಇತ್ತು, ಮೈಯ ಸಾಮೀಪ್ಯ ಇತ್ತು. ಅವಳು ಯಾವುದಕ್ಕೆ ತಯಾರಿಲ್ಲ ಎಂದು ಅಷ್ಟು ದಿನ ನಾನು ಅಂದಾಜು ಮಾಡುತ್ತಿದ್ದೆ. ಒಮ್ಮೆ ತೋಟದ ಬದುಕಿಗೆ ಎಂದುಕೊಂಡೆ, ಇನ್ನೊಮ್ಮೆ ಅತ್ತೆ ಇರುವ ಮನೆಗೆ ಎಂದುಕೊಂಡೆ, ಮತ್ತೊಮ್ಮೆ ನನಗೇ ಎಂದುಕೊಂಡೆ. ಆ ದಿನದಿಂದ ಬೇರೆ ರೀತಿ ನೋಡತೊಡಗಿದೆ. ಅವಳು ತಯಾರಿಲ್ಲದ್ದು ಇನ್ನೊಬ್ಬರ ಬಾಯಲ್ಲಿ ನಮ್ಮಿಬ್ಬರ ಹೆಸರು ಒಟ್ಟಿಗೆ ಬರುವುದಕ್ಕೆ. ಒಮ್ಮೆ ಆ ರೀತಿ ಒಟ್ಟಿಗೆ ಬಂದ ಹೆಸರು ಮುರಿದಾಗ ಊರಿಡೀ ಬಂದು ಕೇಳಿತ್ತಲ್ಲ.

ಇದನ್ನು ತಿಳಿಯುವುದು ಹೇಗೆ ಎಂದರೆ, ಮನಸ್ಸು ಹೇಗಿದೆ ಎಂದು ಕೇಳಿ ಪ್ರಯೋಜನವಿಲ್ಲ. ಮನಸ್ಸಿನ ಬಗ್ಗೆ ಕೇಳಿದಾಗಲೆಲ್ಲ ಅವಳ ಉತ್ತರ ಪ್ರಾಮಾಣಿಕವಾಗಿಯೂ ಮಂಜುಮಂಜಾಗಿಯೂ ಇರುತ್ತಿತ್ತು: "ನನಗೇ ಗೊತ್ತಿಲ್ಲ ಮಾರಾಯಾ." ಕೇಳಬೇಕಾದ್ದು ಸಣ್ಣ, ಗಟ್ಟಿಯಾದ ಸಂಗತಿಗಳನ್ನು. ಏಪ್ರಿಲಿನಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆಗೆ ಬರುತ್ತೀಯಾ ಎಂದು ನಾನು ಡಿಸೆಂಬರಿನಲ್ಲಿ ಕೇಳಿದೆ. "ಆಗ ನೋಡುವ" ಎಂದಳು. ಬರುವ ಶನಿವಾರದಾಚೆಗೆ ಒಂದು ತಾರೀಕನ್ನು ಅವಳು ಒಪ್ಪಿಕೊಂಡದ್ದೇ ಇಲ್ಲ. ನಿನ್ನ ತಮ್ಮ ಪುತ್ತೂರಿಗೆ ಬಂದಾಗ ಒಮ್ಮೆ ನಮ್ಮಲ್ಲಿಗೆ ಕರಕೊಂಡು ಬಾ ಎಂದೆ, ಮಾತು ಬದಲಾಯಿತು. ಹೆದರಿಕೆ ಕರಗುತ್ತಿದೆಯೋ ಇಲ್ಲವೋ ಎನ್ನುವುದು ಇಂಥ ಉತ್ತರಗಳಲ್ಲಿ ಕಾಣುತ್ತದೆ. ಒಂದು ವರ್ಷದ ಹಿಂದೆ ಯಾರಿಗೂ ಹೇಳದವಳು ಇವತ್ತು ಒಬ್ಬ ಗೆಳತಿಗಾದರೂ ಹೇಳಿದ್ದಾಳೆ ಎಂದಾದರೆ ಕಾಯುವುದಕ್ಕೆ ಅರ್ಥ ಉಂಟು. ನಮ್ಮಲ್ಲಿ ಮೊದಲ ತಿಂಗಳಿನಲ್ಲಿ ಹೇಗಿತ್ತೋ ಹದಿನೈದನೆಯ ತಿಂಗಳಲ್ಲೂ ಹಾಗೇ ಇತ್ತು. ಅಷ್ಟರಲ್ಲಿ ಅಮ್ಮ ಮಾತ್ರ ಉಪ್ಪರಿಗೆಯ ಕೋಣೆಗೆ ಹೊಸ ಪರದೆ ಹೊಲಿಸಿದ್ದರು.

2020ರ ಮಾರ್ಚ್ 21, ಶನಿವಾರ. ಕೊರೋನಾದ ಸುದ್ದಿ ಎಲ್ಲ ಕಡೆ ಇದ್ದರೂ ಅವಳು ಬಂದಳು. ಮರುದಿನ ಜನತಾ ಕರ್ಫ್ಯೂ. ಪೇಟೆ ಬಂದ್, ಬಸ್ಸಿಲ್ಲ, ಮಾರ್ಗದಲ್ಲಿ ನಾಯಿಯೂ ಇಲ್ಲ. ಸಂಜೆ ಐದಕ್ಕೆ ಗುಡ್ಡೆಯ ಆಚೆ ಈಚೆಯ ಮನೆಗಳಿಂದ ಬಟ್ಟಲು ಬಡಿಯುವ ಸದ್ದು, ಜಾಗಟೆ, ಶಂಖ. ರಾತ್ರಿ ಟಿವಿಯಲ್ಲಿ, ನಮ್ಮ ಜಿಲ್ಲೆಯೂ ಸೇರಿ ಕೆಲವು ಜಿಲ್ಲೆಗಳನ್ನು ತಿಂಗಳ ಕೊನೆಯವರೆಗೆ ಬಂದ್ ಮಾಡುತ್ತಾರೆ ಎಂದು ಬಂತು. ಅವಳ ಆಫೀಸಿನವರು ಆಗಲೇ ಮನೆಯಿಂದ ಕೆಲಸ ಮಾಡಲು ಹೇಳಿದ್ದರು. ಪಿಜಿಯವರು ಹುಡುಗಿಯರನ್ನೆಲ್ಲ ಊರಿಗೆ ಹೋಗಿ ಎಂದಿದ್ದರು.

ಅಮ್ಮ ಮಲಗಿದ ಮೇಲೆ ನಾವು ಚಾವಡಿಯಲ್ಲಿ ಕೂತೆವು. ನಾನು ಹೇಳಿದೆ: "ನಾಳೆ ಹೋಗಬೇಡ. ಇದೆಲ್ಲ ಮುಗಿಯುವವರೆಗೆ ಇಲ್ಲೇ ಇರು. ಮೇಲಿನ ಕೋಣೆಯ ಕಿಟಕಿಯ ಹತ್ತಿರ ನೆಟ್ ಸಿಗುತ್ತದೆ."

ಅವಳು ಬಹಳ ಹೊತ್ತು ಯೋಚಿಸಿದಳು. "ಇರಬಹುದು" ಎಂದಳು. "ನನಗೂ ಮನೆಗೆ ಹೋಗಲಿಕ್ಕೆ ಮನಸ್ಸಿಲ್ಲ."

ಅದು ನಾನು ನಿರೀಕ್ಷಿಸದೇ ಇದ್ದ ಉತ್ತರ. ಅವಳು ಬೇಡ ಎನ್ನುತ್ತಾಳೆ ಎಂದೇ ನಾನು ಕೂತಿದ್ದೆ. ಸಂತೋಷದಲ್ಲಿ ಹೇಳಿದೆ: "ಹಾಗಾದರೆ ನಿನ್ನ ಮನೆಗೆ ಹೇಳುವ. ನೀನು ಹೇಳು, ಇಲ್ಲದಿದ್ದರೆ ಬೆಳಗ್ಗೆ ಅಮ್ಮನ ಕೈಯಿಂದ ಫೋನ್ ಮಾಡಿಸುತ್ತೇನೆ. ಇಲ್ಲಿದ್ದಾಳೆ, ಹುಷಾರಾಗಿದ್ದಾಳೆ ಎಂದರಾಯಿತು. ಬೇರೆ ಏನೂ ಬೇಡ."

"ಮನೆಗೆ ಹೇಳುವುದು ಬೇಡ" ಎಂದಳು. "ಪಿಜಿಯಲ್ಲೇ ಇದ್ದೇನೆ ಎಂದು ಹೇಳುತ್ತೇನೆ."

ಊರಿಡೀ ಬಾಗಿಲು ಹಾಕಿಕೊಂಡಿರುವಾಗ, ಒಬ್ಬ ತಾಯಿ ಮಗಳು ಮಂಗಳೂರಿನ ಖಾಲಿ ಪಿಜಿಯಲ್ಲಿ ಒಬ್ಬಳೇ ಇದ್ದಾಳೆ ಎಂದು ರಾತ್ರಿಯೆಲ್ಲ ನಿದ್ದೆ ಬಿಡಬೇಕು. ಮಗಳು ಇಲ್ಲಿ, ಇನ್ನೊಬ್ಬ ತಾಯಿಯ ಅಡಿಗೆ ಉಣ್ಣುತ್ತಾ ಕೂತಿರಬೇಕು. ವಾರದ ಏಳು ದಿನವೂ ನನಗೆ ಸಿಗುತ್ತಿತ್ತು. ಅಷ್ಟು ತಿಂಗಳಿಂದ ನಾನು ಬಯಸಿದ್ದು ಅದನ್ನೇ. ಆದರೆ ಏಳು ದಿನವೂ ಶನಿವಾರವೇ ಆಗಿರುತ್ತಿದ್ದವು.

"ಹಾಗಾದರೆ ನೀನು ಇರುವುದು ಬೇಡ" ಎಂದೆ. "ನಾಳೆ ನಿನ್ನ ಮನೆಗೆ ಬಿಟ್ಟುಬರುತ್ತೇನೆ. ಆಮೇಲೆ ಯಾವತ್ತು ನಿನ್ನ ಮನೆಯವರಿಗೆ ಹೇಳಿ ಬರಬೇಕು ಎಂದು ಅನಿಸುತ್ತದೋ, ಆವತ್ತು ಬಾ. ಮದುವೆಯ ಮಾತು ನಾನು ಎತ್ತುವುದಿಲ್ಲ. ಐದು ವರ್ಷ ಬೇಕಾದರೂ ತೆಗೆದುಕೋ. ಹೇಳದೆ ಬರುವುದು ಮಾತ್ರ ಬೇಡ."

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ಆ ಮಾತು ಹಿಂದೆ ತೆಗೆದುಕೊಳ್ಳಬೇಕಾಗುತ್ತಿತ್ತು.

ಸೋಮವಾರ ಬೆಳಗ್ಗೆ ಕಾರಿನಲ್ಲಿ ಕಡಬ, ಪುಳಿಕುಕ್ಕು, ಪಂಜದ ದಾರಿಯಾಗಿ ಹೋದೆವು. ಮನೆಯವರೆಗೆ ಬರಬೇಡ ಎಂದಳು. ಮಾರ್ಗದ ಬದಿಯಲ್ಲಿ, ಅವಳ ಮನೆಗೆ ಮಣ್ಣುರಸ್ತೆ ಇಳಿಯುವಲ್ಲಿ ನಿಲ್ಲಿಸಿದೆ. ಅಮ್ಮ ಕೊಟ್ಟ ಹಲಸಿನ ಹಪ್ಪಳದ ಕಟ್ಟನ್ನು ಕೈಯಲ್ಲಿ ಹಿಡಿದು, ಇದನ್ನು ಯಾರು ಕೊಟ್ಟದ್ದು ಎಂದು ಮನೆಯಲ್ಲಿ ಕೇಳಿದರೆ ಎಂದುಕೊಂಡಳೋ ಏನೋ, ಒಂದು ಕ್ಷಣ ನಿಂತು, ಮತ್ತೆ ಕಾರಿನ ಸೀಟಿನ ಮೇಲೆ ಇಟ್ಟು ಹೋದಳು. ಮರುದಿನ ರಾತ್ರಿ ಎಂಟಕ್ಕೆ ಇಪ್ಪತ್ತೊಂದು ದಿನದ ಲಾಕ್‌ಡೌನ್ ಘೋಷಣೆಯಾಯಿತು.

ಅದೇ ಮಾರ್ಚ್ 24ರಂದು ಇಂಗ್ಲೆಂಡಿನಲ್ಲಿ ಅಲ್ಲಿಯ ಸರ್ಕಾರದ ವೈದ್ಯಾಧಿಕಾರಿ ಜೆನ್ನಿ ಹ್ಯಾರೀಸ್, ಬೇರೆ ಬೇರೆ ಮನೆಯಲ್ಲಿರುವ ಜೋಡಿಗಳು ಒಂದೋ ಒಂದೇ ಮನೆಗೆ ಬಂದು ತಮ್ಮ ಸಂಬಂಧದ ಗಟ್ಟಿತನ ಪರೀಕ್ಷಿಸಿಕೊಳ್ಳಲಿ, ಇಲ್ಲವೇ ಬೇರೆಯೇ ಉಳಿಯಲಿ, ಆಚೆ ಈಚೆ ಓಡಾಡುವುದು ಮಾತ್ರ ಬೇಡ ಎಂಬ ಅರ್ಥದಲ್ಲಿ ಹೇಳಿದ್ದನ್ನು ಆಮೇಲೆ ಓದಿದೆ. ರೋಗ ಹರಡದಿರಲಿ ಎಂದು ಹೇಳಿದ ಮಾತು ಅದು. ಲೋಕದಲ್ಲಿ ಎಷ್ಟು ಮನೆಗಳಲ್ಲಿ ಆ ವಾರ ಇದೇ ಪ್ರಶ್ನೆ ಎದ್ದಿರಬಹುದು ಎಂದು ಯೋಚಿಸಿದೆ. ಆದರೆ ಒಂದೇ ಮನೆಗೆ ಬಂದರೆ ಪರೀಕ್ಷೆಯಾಗುತ್ತದೆ ಎನ್ನುವುದು ನಮ್ಮ ಕಡೆಗೆ ಅರ್ಧ ಸತ್ಯ. ಇಲ್ಲಿ ಒಂದೇ ಮನೆಯಲ್ಲಿದ್ದೂ ಪರೀಕ್ಷೆಯನ್ನು ಮುಂದೂಡಬಹುದು, ಪಕ್ಕದ ತಾಲೂಕಿಗೆ ತಿಳಿಯದಿದ್ದರೆ ಸಾಕು.

ಅವಳು ಬರಲಿಲ್ಲ. ಮೊದಮೊದಲು ಮೆಸೇಜು ಬರುತ್ತಿತ್ತು, ಅಮ್ಮ ಹೇಗಿದ್ದಾರೆ, ಮದ್ದು ಬಿಟ್ಟಾಯಿತಾ ಎಂದು. ಆಮೇಲೆ ಅದೂ ನಿಂತಿತು. ನನಗೆ ಕಷ್ಟವಾಗಲಿಲ್ಲ ಎಂದು ಹೇಳುವುದಿಲ್ಲ. ಬಹಳ ಕಷ್ಟವಾಯಿತು. ಶನಿವಾರ ಮಧ್ಯಾಹ್ನ ಪೇಟೆಯ ಕಡೆ ಹೋಗದಿರಲು ತುಂಬಾ ದಿನ ಬೇಕಾಯಿತು. ಎರಡು ವರ್ಷ ಕಳೆದು ನನ್ನ ಮದುವೆಯಾಯಿತು. ಅಮ್ಮನಿಗೆ ಈಗಲೂ ಅವಳ ಮೇಲೆ ಸಿಟ್ಟಿಲ್ಲ.

ಮದುವೆಗೆ ಮೊದಲು ಒಮ್ಮೆ, 2021ರ ಕೊನೆಯಲ್ಲಿ, ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದ್ದಳು. ಪಕ್ಕದ ಹೋಟೆಲಿಗೆ ಹೋಗಿ ಕೂತೆವು. ಆರಾಮವಾಗಿ ಕಾಣುತ್ತಿದ್ದಳು. ತವರಿನಲ್ಲೇ ಇದ್ದುಕೊಂಡು ಕೆಲಸ ಮಾಡುತ್ತಿದ್ದೇನೆ, ಜನ ಕೇಳುವುದನ್ನು ಈಗ ಬಿಟ್ಟಿದ್ದಾರೆ ಎಂದಳು. ಅಷ್ಟು ಕಾಲ ನಾನು ಕೇಳದೇ ಉಳಿದ ಪ್ರಶ್ನೆಯನ್ನು ಆಗ ಕೇಳಿದೆ. ಯಾಕೆ ಬರುತ್ತಿದ್ದೆ?

"ನಿಮ್ಮ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ" ಎಂದಳು. "ಎಂತಾಯಿತು, ಯಾಕಾಯಿತು, ಮುಂದೆ ಎಂತ, ಏನೂ ಇಲ್ಲ. ಅಮ್ಮ ದೋಸೆ ಹಾಕುತ್ತಿದ್ದರು, ನಾನು ತಿನ್ನುತ್ತಿದ್ದೆ. ನನಗೆ ಇಡೀ ಜಿಲ್ಲೆಯಲ್ಲಿ ಅಂಥ ಮನೆ ಇದ್ದದ್ದು ಅದೊಂದೇ. ನೀನು ಕೇಳಿದ ದಿನ ಅದೂ ಬೇರೆ ಮನೆಗಳ ಹಾಗೆ ಆಯಿತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಕೇಳದಿದ್ದರೆ ನಾನು ಈಗಲೂ ಬರುತ್ತಿದ್ದೆ ಮಾರಾಯಾ" ಎಂದಳು.

"ಅದು ಗೊತ್ತಿತ್ತು" ಎಂದೆ. "ಅದಕ್ಕೇ ಕೇಳಿದ್ದು."